ಎಜಾಫೆಯ ಸರಪಳಿ ಬಿಡಿಸುವಾಗ ನಾನು ಮಾಡುವುದು

ಪರ್ಷಿಯನ್‌ನಲ್ಲಿ ಮುಖ್ಯ ನಾಮಪದ ಮೊದಲು ಬರುತ್ತದೆ, ಅದರ ವಿವರಗಳು ಸಾಮಾನ್ಯವಾಗಿ ನಂತರ ಬರುತ್ತವೆ. ನಡುವೆ ಕೊಂಡಿಯಾಗಿ ‘ಎ’ ಅಥವಾ ‘ಯೆ’ ಇರುತ್ತದೆ. ಇದೇ ಎಜಾಫೆ. ಕನ್ನಡದಲ್ಲಿ ಎಲ್ಲ ಉಲ್ಟಾ, ಮುಖ್ಯ ಪದ ಕೊನೆಗೆ. ಹಾಗಾದರೆ ಹಿಂದಿನಿಂದ ಓದುತ್ತಾ ಬಂದರೆ ಸಾಕಲ್ವಾ ಅನ್ನಿಸುತ್ತದೆ. ಎರಡು ಮೂರು ಪದಗಳಿದ್ದರೆ ಸಾಕು. ಅದಕ್ಕಿಂತ ಉದ್ದವಾದರೆ ಸಾಲದು.

ಅನುವಾದಕ್ಕೆ ಮೊದಲು ಪೆನ್ಸಿಲ್ ಹಿಡಿದು ಕೊಂಡಿಗಳನ್ನು ಗುರುತು ಮಾಡಿಕೊಳ್ಳುತ್ತೇನೆ. ವ್ಯಂಜನದ ಮುಂದಿನ ‘ಎ’ ಲಿಪಿಯಲ್ಲಿ ಸಾಮಾನ್ಯವಾಗಿ ಕಾಣುವುದೇ ಇಲ್ಲ. ‘ಮಾದರ್ ಮರ್ಯಮ್ ರಾ ದೀದ್’ ಅಂದರೆ ತಾಯಿ ಮರ್ಯಮಳನ್ನು ನೋಡಿದಳು. ‘ಮಾದರ್-ಎ ಮರ್ಯಮ್ ರಾ ದೀದ್’ ಅಂದರೆ ಯಾರೋ ಮರ್ಯಮಳ ತಾಯಿಯನ್ನು ನೋಡಿದರು. ಬರೆದಾಗ ಎರಡೂ ಒಂದೇ ಥರ. ಹಿಂದೆ ಮುಂದಿನ ವಾಕ್ಯ ನೋಡಿಯೇ ತೀರ್ಮಾನಿಸಬೇಕು.

ಈಗ ವರದಿಗಳಲ್ಲಿ ಬರುವಂಥ ಒಂದು ಉದ್ದನೆಯ ಸಾಲು: ‘ಗೊಜಾರೆಶ್-ಎ ಸಾಲಾನೆ-ಯೆ ಕೊಮಿತೆ-ಯೆ ಬರ್ರಸಿ-ಯೆ ವಜ್‌ಇಯತ್-ಎ ಆಬ್-ಎ ಶಹರ್‌ಹಾ-ಯೆ ಜೊನುಬಿ-ಯೆ ಕೆಶ್ವರ್’. 9 ಪದ, 8 ಕೊಂಡಿ. ಸುಮ್ನೆ ತಿರುಗಿಸಿದರೆ ಹೀಗಾಗುತ್ತದೆ: ‘ದೇಶದ ದಕ್ಷಿಣದ ನಗರಗಳ ನೀರಿನ ಸ್ಥಿತಿಯ ಪರಿಶೀಲನೆಯ ಸಮಿತಿಯ ವಾರ್ಷಿಕ ವರದಿ’. ವ್ಯಾಕರಣ ತಪ್ಪಿಲ್ಲ. ಆದರೆ ಷಷ್ಠಿ ವಿಭಕ್ತಿ 7 ಸಲ ಬಂದಿದೆ. ‘ಸಮಿತಿಯ’ ತಲುಪುವಷ್ಟರಲ್ಲಿ ಓದುವವರಿಗೆ ‘ದೇಶದ’ ಮರೆತುಹೋಗಿರುತ್ತದೆ.

ಇಲ್ಲಿ ನಾನು ಪ್ರತಿ ಕೊಂಡಿಗೂ ಒಂದೇ ಪ್ರಶ್ನೆ ಕೇಳುತ್ತೇನೆ: ಇದು ಏನು ಕೆಲಸ ಮಾಡುತ್ತಿದೆ? ‘ಸಾಲಾನೆ’ ವರದಿಯ ಗುಣ ಹೇಳುತ್ತದೆ, ಅಲ್ಲಿ ‘ವಾರ್ಷಿಕ’ ಸಾಕು, ಪ್ರತ್ಯಯ ಬೇಡ. ‘ಶಹರ್‌ಹಾ’ಕ್ಕೂ ನೀರಿಗೂ ಇರುವುದು ಜಾಗದ ಸಂಬಂಧ, ಹಾಗಾಗಿ ‘ನಗರಗಳಲ್ಲಿ’. ಎಲ್ಲಕ್ಕಿಂತ ಉಪಯೋಗಕ್ಕೆ ಬರುವುದು ‘ಬರ್ರಸಿ’, ಅಂದರೆ ಪರಿಶೀಲನೆ. ಅದು ನಾಮಪದದ ವೇಷದಲ್ಲಿರುವ ಕ್ರಿಯೆ, ಮುಂದಿನ ‘ವಜ್‌ಇಯತ್’, ಅಂದರೆ ಸ್ಥಿತಿ, ಅದರ ಕರ್ಮ. ಕನ್ನಡದಲ್ಲಿ ಅದನ್ನು ಮತ್ತೆ ಕ್ರಿಯಾಪದ ಮಾಡಿದರೆ ಸಾಲು ಉಸಿರಾಡುತ್ತದೆ: ‘ದೇಶದ ದಕ್ಷಿಣ ಭಾಗದ ನಗರಗಳಲ್ಲಿ ನೀರಿನ ಸ್ಥಿತಿ ಹೇಗಿದೆ ಎಂದು ಪರಿಶೀಲಿಸುವ ಸಮಿತಿಯ ವಾರ್ಷಿಕ ವರದಿ’. ಷಷ್ಠಿ 4ಕ್ಕೆ ಇಳಿಯಿತು. ಅವೂ ಒಂದರ ಹಿಂದೆ ಒಂದು ಸಾಲುಗಟ್ಟಿಲ್ಲ.

ಒಂದು ಎಚ್ಚರಿಕೆ. ಇಂಥ ಪದದ ಮುಂದೆ ಬರುವುದು ಯಾವಾಗಲೂ ಕರ್ಮವಲ್ಲ. ‘ಬರ್ರಸಿ-ಯೆ ಕೊಮಿತೆ’ ಅಂದರೆ ಸಾಮಾನ್ಯವಾಗಿ ಸಮಿತಿ ನಡೆಸಿದ ಪರಿಶೀಲನೆ. ಸಮಿತಿಯನ್ನೇ ಪರಿಶೀಲಿಸಿದ್ದು ಎಂದೂ ಆಗಬಹುದು, ಸಂದರ್ಭ ಹೇಳಬೇಕು.

ಗುಣವಾಚಕದ ಗೊಂದಲ ಬೇರೆ ಥರದ್ದು. ‘ದರ್-ಎ ಖಾನೆ-ಯೆ ಕದೀಮಿ’ಯಲ್ಲಿ ಹಳೆಯದು ಮನೆಯೋ ಬಾಗಿಲೋ? ಮನೆ ಎಂದು ಓದುವುದೇ ಜಾಸ್ತಿ. ಆದರೆ ‘ಮನೆಬಾಗಿಲು’ ಎಂದು ಒಟ್ಟಾಗಿ ಹಿಡಿದರೆ ಬಾಗಿಲೂ ಹಳೆಯದಾಗಬಹುದು. ಕನ್ನಡದಲ್ಲಿ ‘ಹಳೇ ಮನೆಯ ಬಾಗಿಲು’, ‘ಮನೆಯ ಹಳೇ ಬಾಗಿಲು’ ಎಂದು ಬಿಡಿಸಿ ಬರೆಯಬಹುದು. ಅಂದರೆ ಪರ್ಷಿಯನ್ ತೆರೆದಿಟ್ಟದ್ದನ್ನು ನಾವೇ ಮುಚ್ಚಬೇಕಾಗುತ್ತದೆ. ಕವಿತೆಯಲ್ಲಿ ಇದು ನನಗೆ ಇಷ್ಟವಿಲ್ಲ, ವರದಿಯಲ್ಲಿ ಪರವಾಗಿಲ್ಲ.

ಮೇಲಿನ ವರದಿಯ ಸಾಲಿನಲ್ಲಿರುವುದು ಸಮಿತಿಯ ಅಧಿಕೃತ ಹೆಸರೇ ಆಗಿದ್ದರೆ ಮಾತ್ರ ಕ್ರಿಯಾಪದದ ದಾರಿ ಬಿಡುತ್ತೇನೆ. ಆಗ ‘ನೀರಿನ ಸ್ಥಿತಿ ಪರಿಶೀಲನಾ ಸಮಿತಿ’ ಎಂದು ಪ್ರತ್ಯಯ ಉದುರಿಸಿ ಸಮಾಸ ಮಾಡುತ್ತೇನೆ. ನಗರಗಳ ವಿಷಯ ಮುಂದಿನ ವಾಕ್ಯಕ್ಕೆ ಹೋಗುತ್ತದೆ.