ಮೊದಲ ಫೋನು ಯಾರಿಗೆ? ಎನ್‌ಕ್ವೈರಿಗಳಿಗೆ ಅಂಕ ಹಾಕುವ ಬಗೆ

ರಾಜಾಜಿನಗರದಲ್ಲಿ ಮಾಡ್ಯುಲರ್ ಕಿಚನ್ ಮಾಡಿಕೊಡುವ ಒಂದು ಸಣ್ಣ ಸಂಸ್ಥೆ ಇದೆ ಎಂದುಕೊಳ್ಳೋಣ. ಇನ್‌ಸ್ಟಾಗ್ರಾಮ್ ಜಾಹೀರಾತು, ವೆಬ್‌ಸೈಟ್, ವಾಟ್ಸ್ಆ್ಯಪ್ ಎಲ್ಲ ಸೇರಿ ತಿಂಗಳಿಗೆ 400 ಎನ್‌ಕ್ವೈರಿ ಬರುತ್ತವೆ. ಸೇಲ್ಸ್‌ನಲ್ಲಿ ಇಬ್ಬರೇ. ಅವರೇ ಫ್ಲ್ಯಾಟ್‌ಗೆ ಹೋಗಿ ಅಳತೆ ತೆಗೆಯಬೇಕು, ಅವರೇ ಕೊಟೇಶನ್ ಕಳಿಸಬೇಕು. ವೈಟ್‌ಫೀಲ್ಡ್‌ಗೆ ಒಂದು ಅಳತೆ ಎಂದರೆ ಅರ್ಧ ದಿನ ಟ್ರಾಫಿಕ್‌ಗೇ ಹೋಯಿತು. ಹಾಗಾಗಿ ತಿಂಗಳಿಗೆ 90 ಜನರ ಜತೆ ಸರಿಯಾಗಿ ಮಾತಾಡಿದರೆ ದೊಡ್ಡದು. ಆ 90 ಜನ ಯಾರು ಎಂದು ತೀರ್ಮಾನಿಸುವ ಕೆಲಸಕ್ಕೆ ಲೀಡ್ ಸ್ಕೋರಿಂಗ್ ಎನ್ನುತ್ತಾರೆ. ದುಬಾರಿ ಸಾಫ್ಟ್‌ವೇರ್ ಬೇಡ, ಒಂದು ಶೀಟ್ ಸಾಕು. ಮುಂದಿನ ಅಂಕಿಗಳು ವಿವರಣೆಗೆಂದು ಹಿಡಿದವು. ನಿಮ್ಮವನ್ನು ನಿಮ್ಮ ಶೀಟ್‌ನಿಂದಲೇ ತೆಗೆಯಬೇಕು.

ಮೊದಲು ಹಳೆಯ ಲೆಕ್ಕ

ಬಹಳ ತಂಡಗಳು ಎಡವುವುದು ಇಲ್ಲೇ. ಮೀಟಿಂಗ್ ರೂಮಿನಲ್ಲಿ ಕೂತು ‘ಬ್ರೋಷರ್ ಡೌನ್‌ಲೋಡ್ ಮಾಡಿದವರಿಗೆ 10, ಫಾರ್ಮ್ ತುಂಬಿದವರಿಗೆ 20’ ಎಂದು ಬಾಯಿಗೆ ಬಂದ ಅಂಕ ಹಂಚುತ್ತಾರೆ. ಹಾಗೆ ಮಾಡಬೇಡಿ. ಕಳೆದ ಆರು ತಿಂಗಳ ಎಲ್ಲ ಎನ್‌ಕ್ವೈರಿ ತೆಗೆದು, ಯಾವುದು ಆರ್ಡರ್ ಆಯಿತು ಎಂದು ಗುರುತು ಹಾಕಿ.

ನಮ್ಮ ಸಂಸ್ಥೆಗೆ ಆರು ತಿಂಗಳಲ್ಲಿ 2,400 ಎನ್‌ಕ್ವೈರಿ, 120 ಆರ್ಡರ್. ಅಂದರೆ ಸರಾಸರಿ ನೂರಕ್ಕೆ 5. ಈಗ ಒಂದೊಂದೇ ಲಕ್ಷಣ ಹಿಡಿದು ನೋಡೋಣ. ಮೂರು ತಿಂಗಳೊಳಗೆ ಫ್ಲ್ಯಾಟ್ ಕೀ ಸಿಗುತ್ತದೆ ಎಂದವರು 480 ಜನ, ಅವರಿಂದ 60 ಆರ್ಡರ್: ನೂರಕ್ಕೆ 12.5, ಸರಾಸರಿಯ ಎರಡೂವರೆ ಪಟ್ಟು. ಕೀ ಸಿಗಲು ವರ್ಷದ ಮೇಲಾಗುತ್ತದೆ ಎಂದವರು 720 ಜನ, ಆರ್ಡರ್ ಬರೀ 8. ಇನ್‌ಸ್ಟಾಗ್ರಾಮ್ ಫಾರ್ಮ್‌ನಿಂದ ಬಂದವರು 1,000, ಆರ್ಡರ್ 20. ಹೆಸರು, ನಂಬರು ತಾವಾಗೇ ತುಂಬಿಕೊಳ್ಳುವ ಫಾರ್ಮ್ ಅದು. ಬೆರಳು ತಾಗಿದರೂ ಎನ್‌ಕ್ವೈರಿಯೇ. ಬ್ರೋಷರ್ ಇಳಿಸಿಕೊಂಡವರು 600, ಆರ್ಡರ್ 32. ಇದು ನೂರಕ್ಕೆ ಐದು ಚಿಲ್ಲರೆ, ಸರಾಸರಿಗೂ ಇದಕ್ಕೂ ವ್ಯತ್ಯಾಸವೇ ಇಲ್ಲ. ಇಷ್ಟು ದಿನ ಬ್ರೋಷರ್‌ಗೆ ಸುರಿದ ಮಮತೆಯೆಲ್ಲ ದಂಡ.

ಲೆಕ್ಕವನ್ನು ಅಂಕ ಮಾಡುವುದು

ಸರಾಸರಿಯ ಎಷ್ಟು ಪಟ್ಟು ಎಂಬುದರಲ್ಲಿ ಒಂದನ್ನು ಕಳೆದು ಹತ್ತರಿಂದ ಗುಣಿಸಿ. ಎರಡೂವರೆ ಪಟ್ಟಿಗೆ 15. ಇನ್‌ಸ್ಟಾಗ್ರಾಮ್ 0.4 ಪಟ್ಟು, ಹಾಗಾಗಿ ಮೈನಸ್ 6. ವರ್ಷದ ಮೇಲಿನ ಕೀ ಮೈನಸ್ 8. ಬ್ರೋಷರ್‌ಗೆ ಒಂದಕ್ಕೂ ಕಡಿಮೆ, ಸೊನ್ನೆ ಎಂದೇ ಹಿಡಿಯಿರಿ.

ಇದರಲ್ಲೊಂದು ಹಳ್ಳ ಇದೆ. ಫ್ಲೋರ್ ಪ್ಲಾನ್ ಅನ್ನು ವಾಟ್ಸ್ಆ್ಯಪ್‌ನಲ್ಲಿ ಕಳಿಸಿದವರು 200 ಜನ, ಅವರಿಂದ 44 ಆರ್ಡರ್. ಸೂತ್ರದಂತೆ ಇವರಿಗೆ 34 ಅಂಕ ಬರಬೇಕು. ಆದರೆ ಬಿಡಿಸಿ ನೋಡಿದರೆ ಆ 200ರಲ್ಲಿ 160 ಜನ ಬೇಗ ಕೀ ಸಿಗುವವರೇ. ಕೀ ಕೈಗೆ ಬರುವ ಹೊತ್ತಿಗೆ ತಾನೆ ಪ್ಲಾನ್ ಕಳಿಸುವುದು? ಹಾಗಾಗಿ ಒಂದೇ ವಿಷಯಕ್ಕೆ ಎರಡು ಸಲ ಅಂಕ ಕೊಟ್ಟ ಹಾಗಾಯಿತು. ಸರಿಯಾದ ಹೋಲಿಕೆ ಎಂದರೆ, ಬೇಗ ಕೀ ಸಿಗುವವರ ಒಳಗೇ ಪ್ಲಾನ್ ಕಳಿಸಿದವರನ್ನು ಬೇರೆ ಮಾಡಿ ನೋಡುವುದು. ಆ 160 ಜನರಿಂದ 40 ಆರ್ಡರ್, ನೂರಕ್ಕೆ 25. ಆ ಗುಂಪಿನ ಸರಾಸರಿ 12.5ರ ಎರಡು ಪಟ್ಟು. ಹಾಗಾಗಿ ಪ್ಲಾನ್‌ಗೆ ಸಲ್ಲುವುದು 34 ಅಲ್ಲ, 10. ಉಳಿದ 40 ಜನರಿಂದ ಬಂದದ್ದು ನಾಲ್ಕೇ ಆರ್ಡರ್. ಅಷ್ಟು ಚಿಕ್ಕ ಸಂಖ್ಯೆ ನಂಬಿ ಬೇರೆ ಅಂಕ ಕಟ್ಟಲು ಹೋಗಬೇಡಿ.

ಶೀಟ್‌ನಲ್ಲಿ B ಕಾಲಂಗೆ ಕೀ ಸಿಗುವ ತಾರೀಖು, C ಕಾಲಂಗೆ ಪ್ಲಾನ್ ಬಂದಿದ್ದರೆ Y, D ಕಾಲಂಗೆ ಎಲ್ಲಿಂದ ಬಂದದ್ದು ಎಂದು ಹಾಕಿ:

```
=IF(B2="",0,IF(B2-TODAY()<=90,15,IF(B2-TODAY()>365,-8,0)))
 +IF(C2="Y",10,0)+IF(D2="Instagram",-6,0)
```

ಶುರುವಿನ `B2=""` ಬಿಡಬೇಡಿ. ಖಾಲಿ ಮನೆಯನ್ನು ಶೀಟ್ ಸೊನ್ನೆ ಎಂದೇ ಓದುತ್ತದೆ. ತಾರೀಖೇ ಹೇಳದವರಿಗೆಲ್ಲ 15 ಅಂಕ ಬಿದ್ದು ಪಟ್ಟಿಯ ತುದಿಗೆ ಏರುತ್ತಾರೆ. ಸೇಲ್ಸ್‌ನವರು ‘ಯಾರಿಗೆ ಮಾಡಿದ್ರೂ ಸುಮ್ನೆ ನೋಡ್ತಿದ್ದೆ ಅಂತಾರೆ ಸಾರ್’ ಎಂದು ಗೊಣಗಲು ಶುರು ಮಾಡಿದರೆ ಮೊದಲು ಈ ಕಾಲಂ ನೋಡಿ.

ಗೆರೆ ಎಲ್ಲಿ ಎಳೆಯುವುದು

‘ಎಷ್ಟು ಅಂಕ ಬಂದರೆ ಒಳ್ಳೆ ಲೀಡ್?’ ಎಂದು ಕೇಳುತ್ತಾರೆ. ಅದು ಲೀಡ್ ನೋಡಿ ಹೇಳುವ ಮಾತಲ್ಲ, ನಿಮ್ಮ ಸೇಲ್ಸ್‌ನವರ ಕೈ ಎಷ್ಟು ಖಾಲಿ ಇದೆ ಎಂದು ನೋಡಿ ಹೇಳುವುದು. ಹೋದ ತಿಂಗಳ ಪಟ್ಟಿಯನ್ನು ಅಂಕದ ಪ್ರಕಾರ ಜೋಡಿಸಿ, ಮೇಲಿನಿಂದ 90ರವರೆಗೆ ಎಣಿಸಿ ಬನ್ನಿ. ನಮ್ಮ ಲೆಕ್ಕದಲ್ಲಿ 9 ಅಂಕಕ್ಕೆ ಗೆರೆ ಎಳೆದರೆ ತಿಂಗಳಿಗೆ ಸುಮಾರು 85 ಜನ ಮೇಲಿರುತ್ತಾರೆ. ಒಬ್ಬರು ರಜೆ ಹಾಕಿದ ತಿಂಗಳು ಗೆರೆ ಮೇಲಕ್ಕೆ ಹೋಗಬೇಕು. ಶೋರೂಮಿಗೇ ನಡೆದು ಬಂದವರಿಗೆ ಅಂಕದ ಪ್ರಶ್ನೆಯೇ ಇಲ್ಲ, ಕೂತು ಮಾತಾಡಿ.

ಐದರಲ್ಲೊಂದು ಪಾಲಿನಷ್ಟಿರುವ ಈ ಜನರಿಂದಲೇ ಹಿಂದಿನ ಆರ್ಡರ್‌ಗಳಲ್ಲಿ ಅರ್ಧದಷ್ಟು ಬಂದಿವೆ. ಇದನ್ನೇ ತಿರುಗಿಸಿ ಓದಿ: ಉಳಿದರ್ಧ ಆರ್ಡರ್ ಬಂದದ್ದು ಗೆರೆಯ ಕೆಳಗಿನಿಂದ. ಕೆಳಗಿನದ್ದು ಕಸದ ಬುಟ್ಟಿಯಲ್ಲ.

ಕೆಳಗಿನವರನ್ನು ಕಾಯುವುದು

ಇವರಿಗೆ ವಾರಕ್ಕೆರಡು ಆಫರ್ ಮೆಸೇಜ್ ಕಳಿಸಿದರೆ ಬ್ಲಾಕ್ ಮಾಡುತ್ತಾರೆ, ಅಷ್ಟೆ. ಇವರ ಹತ್ತಿರ ಪಡೆಯಬೇಕಾದದ್ದು ಒಂದೇ ವಿವರ, ಕೀ ಸಿಗುವ ತಾರೀಖು. ತಾರೀಖು ಹೇಳದವರಿಗೆ ವಾಟ್ಸ್ಆ್ಯಪ್‌ನಲ್ಲಿ ಅದೊಂದೇ ಪ್ರಶ್ನೆ ಕಳಿಸಿ. ಹೇಳಿದವರಿಗೆ ಎರಡು ತಿಂಗಳಿಗೊಂದು ಉಪಯೋಗದ ವಿಷಯ ಸಾಕು: ಚಿಮಣಿ ಪಾಯಿಂಟ್ ಎಲ್ಲಿರಬೇಕು, ಗೋಡೆಗೆ ಟೈಲ್ಸ್ ಹಾಕುವ ಮುಂಚೆ ಬಿಲ್ಡರ್‌ಗೆ ಏನು ಹೇಳಬೇಕು ಎಂಬಂಥದ್ದು. ಸೂತ್ರದಲ್ಲಿ ಇವತ್ತಿನ ತಾರೀಖು ಇರುವುದರಿಂದ, ಕೀಗೆ 90 ದಿನ ಉಳಿದಾಗ ಹೆಸರು ತಾನಾಗೇ ಮೇಲೇರುತ್ತದೆ.

ಬೆಂಗಳೂರಿನಲ್ಲಿ ಬಿಲ್ಡರ್ ಹೇಳಿದ ತಾರೀಖನ್ನು ಯಾರು ನಂಬುತ್ತಾರೆ ಎಂದು ನೀವು ನಗಬಹುದು, ನ್ಯಾಯವೇ. ಅದಕ್ಕೇ ಅಪಾರ್ಟ್‌ಮೆಂಟಿನ ಹೆಸರೂ ಕೇಳಿಟ್ಟುಕೊಳ್ಳಿ. ಕರ್ನಾಟಕ ರೇರಾ ವೆಬ್‌ಸೈಟಿನಲ್ಲಿ ಪ್ರಾಜೆಕ್ಟ್ ಹುಡುಕಿದರೆ ನೋಂದಾಯಿತ ಮುಕ್ತಾಯದ ದಿನಾಂಕ ಸಿಗುತ್ತದೆ. ಓಸಿ ಬಂತೇ ಎಂದು ಗ್ರಾಹಕರನ್ನೇ ಕೇಳಿ. ಒಂದು ಪ್ರಾಜೆಕ್ಟ್ ಆರು ತಿಂಗಳು ಮುಂದೆ ಹೋಯಿತೆಂದು ಗೊತ್ತಾದರೆ ಆ ಕಟ್ಟಡದ ಎಲ್ಲರ ತಾರೀಖನ್ನೂ ಒಟ್ಟಿಗೆ ತಿದ್ದಿಬಿಡಿ. ಕೀ ಸಿಕ್ಕು ನಾಲ್ಕು ತಿಂಗಳು ಕಳೆದವರನ್ನು ಪಟ್ಟಿಯಿಂದ ತೆಗೆಯಿರಿ. ಈ ಸೂತ್ರ ಅವರಿಗೆ ಕೊನೆಯವರೆಗೂ 15 ಕೊಡುತ್ತಲೇ ಇರುತ್ತದೆ, ಅವರೋ ಬೇರೆ ಕಡೆ ಅಡುಗೆಮನೆ ಮಾಡಿಸಿ ಒಗ್ಗರಣೆ ಹಾಕುತ್ತಿರುತ್ತಾರೆ.

ಅಂಕ ಸರಿಯಿದೆಯೇ ಎಂದು ನೋಡುವುದು

ಮೂರು ತಿಂಗಳಾದ ಮೇಲೆ ಗೆರೆಯ ಮೇಲಿನವರಿಂದ ನೂರಕ್ಕೆ ಎಷ್ಟು ಆರ್ಡರ್, ಕೆಳಗಿನವರಿಂದ ಎಷ್ಟು ಎಂದು ತೆಗೆಯಿರಿ. ಎರಡೂ ಹತ್ತಿರ ಹತ್ತಿರ ಬಂದರೆ ಅಂಕ ಕೆಲಸ ಮಾಡುತ್ತಿಲ್ಲ. ಬಹಳ ದೂರ ಇದ್ದರೂ ಅನುಮಾನಪಡಿ. ಮೇಲಿನವರಿಗೆ ಫೋನ್ ಮಾಡಿದ್ದೀರಿ, ಕೆಳಗಿನವರಿಗೆ ಮಾಡಿಲ್ಲ. ಆರ್ಡರ್ ತಂದದ್ದು ಅಂಕವೋ ಫೋನೋ ಎಂದು ಹೇಗೆ ಗೊತ್ತಾಗಬೇಕು? ಅದಕ್ಕೆ ವಾರಕ್ಕೆ ಒಂದು ಹೆಸರನ್ನು ಕೆಳಗಿನಿಂದ ಚೀಟಿ ಎತ್ತಿ ಸೇಲ್ಸ್‌ಗೆ ಕೊಡಿ. ಅದರ ಅಂಕ ಎಷ್ಟೆಂದು ಅವರಿಗೆ ಹೇಳಬೇಡಿ, ಹೇಳಿದರೆ ಅರೆಮನಸ್ಸಿನಲ್ಲಿ ಮಾತಾಡುತ್ತಾರೆ. ವರ್ಷಕ್ಕೆ ಐವತ್ತು ಹೆಸರಾಗುತ್ತವೆ. ಅವರಿಂದ ಎರಡೋ ಮೂರೋ ಆರ್ಡರ್ ಬಂದರೆ ಸರಿ, ಎಂಟು ಹತ್ತು ಬಂದರೆ ಲೆಕ್ಕವನ್ನು ಮೊದಲಿನಿಂದ ಹಾಕಬೇಕು.