ಪಂಪಿನ ನೀರು ಬಗ್ಗಡವಾದ ದಿನ: ನೆಲಮಾಳಿಗೆ ತೋಡಿದ ನನ್ನ ಅನುಭವ

ಆಳವಾದ ಅಗೆತ ನಡೆಯುವ ಜಾಗಕ್ಕೆ ಹೋದರೆ ನಾನು ಮೊದಲು ಗುಂಡಿಯೊಳಗೆ ಇಣುಕುವುದಿಲ್ಲ. ಪಂಪಿನ ಪೈಪು ನೀರು ಚೆಲ್ಲುವ ಕಡೆಗೆ ನಡೆಯುತ್ತೇನೆ. ಒಂದು ಗಾಜಿನ ಬಾಟಲಿಯಲ್ಲಿ ಆ ನೀರನ್ನು ಹಿಡಿದು, ಹತ್ತು ನಿಮಿಷ ಅಲುಗಾಡಿಸದೆ ಇಟ್ಟು, ತಳ ನೋಡುತ್ತೇನೆ. ತಳದಲ್ಲಿ ಮರಳು ಕೂತಿದ್ದರೆ ಆ ಮರಳು ಎಲ್ಲಿಂದಲೋ ಖಾಲಿಯಾಗಿದೆ ಎಂದರ್ಥ. ಬಹುತೇಕ ಸಲ ಅದು ಖಾಲಿಯಾಗಿರುವುದು ನಾವು ಕಾಪಾಡಬೇಕಾದ ಗೋಡೆಯ ಹಿಂದೆಯೇ. ಈ ಅಭ್ಯಾಸ ಕಲಿತದ್ದು ಒಂದು ನೆಲಮಾಳಿಗೆ ತೋಡುವಾಗ. ಆ ಕೆಲಸದ ಹೊಣೆ ನನ್ನದೇ ಆಗಿತ್ತು.

ಗುಂಡಿ 18 ಮೀಟರ್ ಉದ್ದ, 12 ಮೀಟರ್ ಅಗಲ, 4.5 ಮೀಟರ್ ಆಳ. ಉದ್ದದ ಒಂದು ಬದಿಯಲ್ಲಿ ಎರಡು ಮೀಟರ್ ದೂರಕ್ಕೇ ಪಕ್ಕದ ಮನೆ, ಅದರ ಪಾಯ ಬರೀ 1.2 ಮೀಟರ್ ಆಳ. ಇನ್ನೊಂದು ಬದಿಯಲ್ಲಿ ರಸ್ತೆ. ಮುಂದೆ ಹಿಂದೆ ಮಾತ್ರ ಎಂಟೆಂಟು ಮೀಟರ್ ತೆರವು ಇತ್ತು. ಕೊರೆದು ನೋಡಿದಾಗ ಮೇಲೆ ಒಂದು ಮೀಟರಿನಷ್ಟು ತುಂಬಿದ ಮಣ್ಣು, ಅದರ ಕೆಳಗೆ ಆರು ಮೀಟರಿನವರೆಗೆ ನುಣುಪು ಮರಳು, ಆಮೇಲೆ ಗಟ್ಟಿ ಜೇಡಿ ಸಿಕ್ಕಿತು. ನೀರು 2.5 ಮೀಟರಿನಲ್ಲೇ ಇತ್ತು. ಅಂದರೆ ಗುಂಡಿಯ ಕೆಳಗಿನ ಎರಡು ಮೀಟರ್ ಪೂರ್ತಿ ನೀರೊಳಗಿನ ಮರಳು. ಆಳದ ಅಗೆತದಲ್ಲಿ ಇದಕ್ಕಿಂತ ಮೋಸದ ಮಣ್ಣು ನನಗೆ ಸಿಕ್ಕಿಲ್ಲ.

ತೆರವಿದ್ದ ಎರಡು ಕಡೆ ಇಳಿಜಾರು ಬಿಟ್ಟೆವು. ಒಂದು ಮೀಟರ್ ಇಳಿಯಲು ಒಂದೂವರೆ ಮೀಟರ್ ಹಿಂದೆ ಸರಿಯುವ ಇಳಿಜಾರು, ಅಂದರೆ ಸುಮಾರು 34 ಡಿಗ್ರಿ. ನಡುವೆ 2.4 ಮೀಟರ್ ಆಳದಲ್ಲಿ ಒಂದು ಮೀಟರ್ ಅಗಲದ ಮೆಟ್ಟಿಲು. ಎಲ್ಲ ಸೇರಿ ಅಡ್ಡಕ್ಕೆ 7.75 ಮೀಟರ್ ಬೇಕಾಯಿತು, ಇದ್ದ ಜಾಗಕ್ಕೆ ಸರಿಹೋಯಿತು. ತೋಡಿದ ಮಣ್ಣನ್ನು ಅಂಚಿನಲ್ಲಿ ರಾಶಿ ಹಾಕಲು ಬಿಡಲಿಲ್ಲ, ಲಾರಿ ತುಂಬಿ ಹೊರಗೆ ಕಳಿಸಿದೆವು. ಒಂದು ಘನ ಮೀಟರ್ ಮಣ್ಣು ಹೆಚ್ಚುಕಡಿಮೆ 1.8 ಟನ್ ತೂಗುತ್ತದೆ. ಅಂಚಿನ ರಾಶಿ ಇಳಿಜಾರಿನ ತಲೆಯ ಮೇಲೆ ಕೂರಿಸಿದ ಭಾರವೇ.

ಮೊದಲ ದಿನವೇ ಅಗೆಯುವ ಯಂತ್ರದ ಚಾಲಕನಿಗೂ ನನಗೂ ವಾದವಾಯಿತು. "ನೋಡಿ ಸರ್, ನೆಟ್ಟಗೆ ಕಡಿದರೂ ಗೋಡೆ ಥರ ನಿಂತಿದೆ. ಇಷ್ಟು ಮಣ್ಣು ಸುಮ್ಮನೆ ಯಾಕೆ ತೆಗೀಬೇಕು?" ಅಂದ. ನಿಂತದ್ದು ನಿಜ. ಹಸಿ ಮರಳಿನ ಕಣಗಳ ನಡುವೆ ಇರುವ ಚೂರು ತೇವ ಅವನ್ನು ಒಂದಕ್ಕೊಂದು ಎಳೆದು ಹಿಡಿದಿರುತ್ತದೆ. ಬಿಸಿಲಿಗೆ ಆ ತೇವ ಆರಿದರೂ ಹಿಡಿತ ಹೋಗುತ್ತದೆ, ಮಳೆ ಬಿದ್ದು ನೀರು ತುಂಬಿದರೂ ಹೋಗುತ್ತದೆ. ಬೆಳಗ್ಗೆ ನಿಂತ ಗೋಡೆ ಮಧ್ಯಾಹ್ನ ಯಾರೂ ಮುಟ್ಟದೆ ಜಾರುವುದು ಇದರಿಂದಲೇ. ನಾನು ಬಾಯಲ್ಲಿ ಹೇಳಿ ಸುಮ್ಮನಾಗದೆ, ಒಂದು ಮೂಲೆಯಲ್ಲಿ ಮೊಣಕಾಲೆತ್ತರದ ನೆಟ್ಟನೆ ಕಡಿತ ಹಾಗೇ ಬಿಡಿಸಿದೆ. ಮೂರು ಗಂಟೆಗೆ ಅದರ ಮುಖದಿಂದ ಮರಳು ಪುಡಿಪುಡಿಯಾಗಿ ಉದುರತೊಡಗಿತು, ನಾಲ್ಕಕ್ಕೆ ಅರ್ಧ ಮಲಗಿತು. ಆಮೇಲೆ ಅವನೇ ಇಳಿಜಾರಿಗೆ ಗೂಟ ಹೊಡೆದು ದಾರ ಕಟ್ಟಿಕೊಂಡ.

ಮನೆ ಮತ್ತು ರಸ್ತೆಯ ಬದಿಗೆ ಇಳಿಜಾರಿನ ಮಾತೇ ಇರಲಿಲ್ಲ. ಅಗೆತಕ್ಕೆ ಮುಂಚೆಯೇ ಎರಡೆರಡು ಮೀಟರಿಗೊಂದು ರಂಧ್ರ ಕೊರೆದು, ಜೇಡಿಯೊಳಗೆ ಎರಡು ಮೀಟರ್ ಇಳಿಯುವಂತೆ ಕಬ್ಬಿಣದ ಹೆಚ್ ಬೀಮುಗಳನ್ನು ನಿಲ್ಲಿಸಿದ್ದೆವು. ತೋಡುತ್ತ ಹೋದಂತೆ ಬೀಮಿನಿಂದ ಬೀಮಿಗೆ 75 ಮಿಲಿಮೀಟರ್ ದಪ್ಪದ ಹಲಗೆ ಇಳಿಸುವುದು, ಒಂದು ಮೀಟರ್ ಆಳದಲ್ಲಿ ಉದ್ದಕ್ಕೆ ಒಂದು ಕಬ್ಬಿಣದ ಪಟ್ಟಿ ಕೊಟ್ಟು ಎರಡೂ ಬದಿಗಳ ನಡುವೆ ಪೈಪಿನ ಅಡ್ಡ ಆಧಾರ ಬಿಗಿಯುವುದು. ಒಂದು ಸಲಕ್ಕೆ ಒಂದು ಮೀಟರಿಗಿಂತ ಹೆಚ್ಚು ಮಣ್ಣನ್ನು ಹಲಗೆಯಿಲ್ಲದೆ ಬಿಡಬಾರದು, ಹಲಗೆಗೂ ಮಣ್ಣಿಗೂ ನಡುವೆ ಸಂದು ಉಳಿದರೆ ಆಗಲೇ ಮರಳು ತುರುಕಿ ಬಡಿಯಬೇಕು. ಇಷ್ಟನ್ನು ಚೆನ್ನಾಗಿಯೇ ಮಾಡಿದೆವು.

ನಾನು ತಪ್ಪಿದ್ದು ನೀರಿನಲ್ಲಿ. ಗುಂಡಿಯ ಮೂಲೆಯಲ್ಲಿ ಒಂದು ಸಂಪು ತೋಡಿ ಪಂಪ್ ಇಟ್ಟರೆ, ನೀರು ಬಂದ ಹಾಗೆ ಎತ್ತಿ ಹಾಕಬಹುದು ಅಂದುಕೊಂಡೆ. ಜೇಡಿಯಲ್ಲೋ ಜಲ್ಲಿ ಮಣ್ಣಿನಲ್ಲೋ ಇದು ನಡೆಯುತ್ತದೆ. ನುಣುಪು ಮರಳಿನಲ್ಲಿ ಸಂಪಿನ ನೀರು ತಗ್ಗಿದಷ್ಟೂ ಹೊರಗಿನ ನೀರು ಜೋರಾಗಿ ಒಳಗೆ ನುಗ್ಗುತ್ತದೆ, ನುಗ್ಗುವಾಗ ಕಣಗಳನ್ನೂ ಹೊತ್ತು ತರುತ್ತದೆ.

3.2 ಮೀಟರ್ ಮುಟ್ಟಿದ ದಿನ ಮೂರು ಸೂಚನೆಗಳು ಒಟ್ಟಿಗೆ ಬಂದವು. ಇಳಿಜಾರಿನ ಬುಡ ಒಸರಿ, ಅಂಗೈ ಅಗಲದ ತುಂಡುಗಳಾಗಿ ಕಳಚಿ ಬೀಳುತ್ತಿತ್ತು. ಪಂಪಿನ ನೀರು ಬೆಳಗ್ಗೆ ತಿಳಿಯಾಗಿದ್ದದ್ದು ಮಧ್ಯಾಹ್ನದ ಹೊತ್ತಿಗೆ ಹಾಲಿನಂತೆ ಬೆಳ್ಳಗಾಗಿತ್ತು. ಅಷ್ಟರಲ್ಲಿ ಮೇಸ್ತ್ರಿ ಮನೆ ಬದಿಯ ಹಲಗೆಗಳನ್ನು ಸುತ್ತಿಗೆಯಿಂದ ಒಂದೊಂದಾಗಿ ತಟ್ಟುತ್ತ ಬಂದವರು ನಿಂತರು. "ಸರ್, ಇಲ್ಲಿ ಬನ್ನಿ. ಇಲ್ಲಿಂದ ಇಲ್ಲೀತನಕ ಟೊಳ್ಳು." ನಾನೂ ತಟ್ಟಿದೆ. ಪಕ್ಕದ ಹಲಗೆಗಳು ದಪ್ಪ ಸದ್ದು ಕೊಡುತ್ತಿದ್ದರೆ, ಆ ನಾಲ್ಕು ಹಲಗೆಗಳು ಖಾಲಿ ಪೆಟ್ಟಿಗೆಯಂತೆ ಡಬ್ ಡಬ್ ಅಂದವು. ಮೇಲೆ ಹೋಗಿ ನೋಡಿದರೆ ಪಕ್ಕದ ಮನೆಯ ಅಂಗಳದ ಕಲ್ಲುಹಾಸು ಗುಂಡಿಯ ಕಡೆಗೆ ನಾಲ್ಕು ಮಿಲಿಮೀಟರ್ ಕುಸಿದಿತ್ತು. ಅಲ್ಲಿ ನಾವು ಹೊಡೆದಿದ್ದ ಮೊಳೆಗಳ ಮಟ್ಟವನ್ನು ದಿನಾ ಬೆಳಗ್ಗೆ ಅಳೆಯುತ್ತಿದ್ದೆವು. ಹಾಗಾಗಿ ಅದು ಹಳೆಯ ಕುಸಿತವಲ್ಲ, ಅಂದಿನದೇ ಎಂದು ಖಚಿತವಾಯಿತು.

ಮೊದಲು ಎಲ್ಲರನ್ನೂ ಏಣಿ ಹತ್ತಿಸಿದೆ. ಆಮೇಲೆ ಮಾಡಿದ್ದು ಅಲ್ಲಿದ್ದ ಹಲವರಿಗೆ ವಿಚಿತ್ರವಾಗಿ ಕಂಡಿತು: ಪಂಪ್ ನಿಲ್ಲಿಸಿದೆ. ಗುಂಡಿಗೆ ನೀರು ನುಗ್ಗುವಾಗ ಕೈ ತಾನಾಗಿ ಇನ್ನೊಂದು ಪಂಪಿನ ಕಡೆಗೆ ಹೋಗುತ್ತದೆ. ಆದರೆ ಮರಳನ್ನು ಎಳೆದು ತರುತ್ತಿದ್ದದ್ದೇ ಒಳಗಿನ ಮತ್ತು ಹೊರಗಿನ ನೀರಿನ ಮಟ್ಟಗಳ ವ್ಯತ್ಯಾಸ. ಒಳಗೆ ಅರ್ಧ ಮೀಟರ್ ನೀರು ಏರಲು ಬಿಟ್ಟೊಡನೆ ಆ ಸೆಳೆತ ಸಡಿಲವಾಯಿತು. ಹಲಗೆಗಳ ಬುಡಕ್ಕೂ ಇಳಿಜಾರಿನ ಬುಡಕ್ಕೂ ಸೋಸುವ ಬಟ್ಟೆ ಹಾಸಿ, ಮೇಲಿನಿಂದ ಯಂತ್ರದಲ್ಲಿ ಜಲ್ಲಿ ಸುರಿಸಿದೆವು. ಬಟ್ಟೆ ಮರಳನ್ನು ತಡೆದು ನೀರನ್ನು ಬಿಡುತ್ತದೆ, ಜಲ್ಲಿ ಭಾರ ಹೇರಿ ಅದನ್ನು ಒತ್ತಿ ಹಿಡಿಯುತ್ತದೆ. ಮಣ್ಣೇ ಸುರಿದು ಮುಚ್ಚಿಬಿಡೋಣ ಎಂದೊಬ್ಬರು ಹೇಳಿದ್ದರು. ನೀರಿಗೆ ದಾರಿ ಬಿಡದೆ ಮುಚ್ಚಿದರೆ ಅದು ಬೇರೆ ಕಡೆ ದಾರಿ ಮಾಡಿಕೊಳ್ಳುತ್ತದೆ, ಜೊತೆಗೆ ಹಲಗೆಯ ಬೆನ್ನಿಗೆ ಒತ್ತಡ ಏರುತ್ತದೆ. ಪ್ರತಿ ಒಂದು ಮೀಟರ್ ನೀರಿಗೆ ಚದರ ಮೀಟರಿಗೆ ಒಂದು ಟನ್ ಒತ್ತಡ.

ಮರುದಿನದಿಂದ ನೀರನ್ನು ಹೊಸ ಕ್ರಮದಲ್ಲಿ ಇಳಿಸಿದೆವು. ಗುಂಡಿಯೊಳಗೆ ಬಂದ ನೀರನ್ನು ಎತ್ತುವ ಬದಲು, ಬರುವ ಮುಂಚೆಯೇ ಸುತ್ತಲೂ ಹೀರಿ ತೆಗೆಯುವುದು. ಇಳಿಜಾರಿನ ಕಡೆ 2.4 ಮೀಟರಿನ ಮೆಟ್ಟಿಲ ಮೇಲೆ, ಹಲಗೆಯ ಕಡೆ ಬೀಮುಗಳಿಗೆ ಬ್ರಾಕೆಟ್ ಕೊಟ್ಟು ಅದೇ ಮಟ್ಟದಲ್ಲಿ, ಸುಮಾರು 72 ಮೀಟರ್ ಸುತ್ತಳತೆಗೆ ದಪ್ಪ ಪೈಪಿನ ಉಂಗುರ ಹಾಕಿದೆವು. ಒಂದೂವರೆ ಮೀಟರಿಗೊಂದರಂತೆ 48 ವೆಲ್‌ಪಾಯಿಂಟ್‌ಗಳು, ಅಂದರೆ ತುದಿಗೆ ಜಾಲರಿ ಇರುವ ಸಣ್ಣ ಕೊಳವೆಗಳು. ಪ್ರತಿಯೊಂದರ ಸುತ್ತ ದಪ್ಪ ಮರಳು ತುಂಬಿದ್ದರಿಂದ ನುಣುಪು ಕಣ ಒಳಗೆ ಬರಲಿಲ್ಲ. ಈ ವ್ಯವಸ್ಥೆ ಗಾಳಿಯ ಒತ್ತಡದಿಂದ ಹೀರುವಂಥದ್ದು. ಪಂಪ್ ಇರುವ ಮಟ್ಟದಿಂದ ಐದಾರು ಮೀಟರಿಗಿಂತ ಕೆಳಗಿನ ನೀರು ಇದಕ್ಕೆ ಎಟುಕುವುದಿಲ್ಲ. ನಮಗೆ ಬೇಕಾಗಿದ್ದದ್ದು 5.1 ಮೀಟರ್ ಆಳಕ್ಕೆ, ಅಂದರೆ ಗುಂಡಿಯ ತಳಕ್ಕಿಂತ 60 ಸೆಂಟಿಮೀಟರ್ ಕೆಳಕ್ಕೆ, ನೀರನ್ನು ಇಳಿಸುವುದು. ಉಂಗುರವನ್ನು ಮೆಟ್ಟಿಲ ಮಟ್ಟಕ್ಕೆ ಇಳಿಸಿದ್ದರಿಂದ ಅದು ಸುಲಭವಾಯಿತು.

ಮೊದಲ ಆರು ಗಂಟೆ ನೀರು ಬಗ್ಗಡವಾಗಿಯೇ ಬಂತು. ಮೂರು ಕೊಳವೆಗಳಲ್ಲಿ ಅದು ನಿಲ್ಲಲೇ ಇಲ್ಲ, ಅವನ್ನು ಕಿತ್ತು ಮತ್ತೆ ಹೂಡಿಸಿದೆ. ಮಾರನೆಯ ಬೆಳಗ್ಗೆ ಬಾಟಲಿಯ ತಳದಲ್ಲಿ ಏನೂ ಕೂರಲಿಲ್ಲ. ನಡುವೆ ನೆಟ್ಟಿದ್ದ ನೋಡುಕೊಳವೆಯಲ್ಲಿ ನೀರು ನಾಲ್ಕನೆಯ ದಿನ 5.1 ಮೀಟರಿಗೆ ಇಳಿಯಿತು. ಅಲ್ಲಿಯವರೆಗೆ ಯಾರೂ ಕೆಳಗೆ ಗುದ್ದಲಿ ಹಾಕಲಿಲ್ಲ. ಆ ಬಿಡುವಿನಲ್ಲಿ ಟೊಳ್ಳಿದ್ದ ಹಲಗೆಗಳಲ್ಲಿ ಅಂಗೈಯಷ್ಟು ಕಿಂಡಿ ಕೊರೆದು, ಮರಳು ಸಿಮೆಂಟಿನ ತೇವದ ಮಿಶ್ರಣವನ್ನು ಕೋಲಿನಿಂದ ಇಡಿಕಿರಿದು ತುಂಬಿದೆವು. ಎಂಟು ಬಾಂಡಲಿಯಲ್ಲಿ ಮುಗಿಯುತ್ತದೆ ಅಂದುಕೊಂಡಿದ್ದೆ, ಮೂವತ್ತನಾಲ್ಕು ಹಿಡಿಯಿತು. ಅಷ್ಟು ಮಣ್ಣು ಒಂದು ಮಧ್ಯಾಹ್ನದಲ್ಲಿ ನಮ್ಮ ಪಂಪಿನಲ್ಲೇ ಹರಿದು ಹೋಗಿತ್ತು ಎನ್ನುವುದು ಈಗಲೂ ನನ್ನ ಮನಸ್ಸನ್ನು ಕಲಕುತ್ತದೆ.

ನೀರು ಇಳಿದ ಮೇಲೆ ಅದೇ ಇಳಿಜಾರು ಒಂದು ಕಡೆಯೂ ಕಳಚಲಿಲ್ಲ. ಹೊರಗೆ ಒಸರುವ ನೀರಿದ್ದರೆ ಮರಳು ತಾಳುವ ಇಳಿಜಾರು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಹಾಗಾಗಿ ಕಾಗದದ ಮೇಲೆ ಸರಿಯಿದ್ದ 34 ಡಿಗ್ರಿ, ಒಸರುವ ಬುಡದಲ್ಲಿ ಸುಳ್ಳಾಗಿತ್ತು. ಮಳೆಗೆಂದು ಇಳಿಜಾರಿನ ತಲೆಯ ಮೇಲೆ ಕಾಲುವೆ ಕಡಿದು, ಮುಖಕ್ಕೆ ಪ್ಲಾಸ್ಟಿಕ್ ಹೊದಿಸಿದೆವು. ದಿನಾ ಬೆಳಗ್ಗೆ ಅಂಚಿಗೆ ಸಮಾನಾಂತರವಾಗಿ ಕೂದಲೆಳೆಯ ಬಿರುಕು ಬಿದ್ದಿದೆಯೇ ಎಂದು, ಅಂಚಿನಿಂದ ಮೂರ್ನಾಲ್ಕು ಮೀಟರ್ ಹಿಂದಿನವರೆಗೂ ನೋಡುತ್ತ ನಡೆಯುತ್ತಿದ್ದೆ. ಕುಸಿಯುವ ಮಣ್ಣು ಮೊದಲು ಬಿಡುವುದು ಅಂಚಿನಲ್ಲಲ್ಲ, ಅದರ ಹಿಂದೆ.

ಹೀರುವ ಪಂಪ್ ಹಗಲೂ ರಾತ್ರಿ ಓಡಬೇಕು. ಪಕ್ಕದಲ್ಲೇ ಡೀಸೆಲ್ಲಿನ ಇನ್ನೊಂದು ಪಂಪನ್ನು ಪೈಪಿಗೆ ಜೋಡಿಸಿಯೇ ಇಟ್ಟಿದ್ದೆವು. ರಾತ್ರಿ ಕಾಯುವವರಿಗೆ ಅದನ್ನು ಕತ್ತಲಲ್ಲಿ ಚಾಲೂ ಮಾಡಿಸಿ ಅಭ್ಯಾಸ ಮಾಡಿಸಿದೆ. ಎರಡು ಸಲ ಕರೆಂಟ್ ಹೋಯಿತು, ಎರಡು ಸಲವೂ ಐದು ನಿಮಿಷದೊಳಗೆ ಅದು ಓಡಿತು.

ಅರ್ಧ ಮೀಟರ್ ದಪ್ಪದ ತಳದ ಕಾಂಕ್ರೀಟ್ ಮುಗಿದ ದಿನ, ಇನ್ನು ಪಂಪ್ ಬಾಡಿಗೆ ಯಾಕೆ ಎಂಬ ಪ್ರಶ್ನೆ ಬಂತು. ಅಲ್ಲೇ ಕೂತು ಲೆಕ್ಕ ತೋರಿಸಿದೆ. ಪಂಪ್ ನಿಂತರೆ ನೀರು ಮತ್ತೆ 2.5 ಮೀಟರಿಗೆ ಏರುತ್ತದೆ. ತಳದ ಅಡಿಯಿಂದ ಎರಡು ಮೀಟರ್ ನೀರು ಎಂದರೆ ಚದರ ಮೀಟರಿಗೆ ಎರಡು ಟನ್ ಮೇಲಕ್ಕೆ ದಬ್ಬುತ್ತದೆ. ತಳದ ತೂಕ 1.25 ಟನ್. ಸುತ್ತಲಿನ ಗೋಡೆಗಳ ತೂಕ ಹಂಚಿದರೆ 0.65. ಎರಡೂ ಸೇರಿ 1.9, ಇನ್ನೂ ಸಾಲದು. ಮೇಲಿನ ಚಾವಣಿ ಬಿದ್ದ ಮೇಲೆ 2.4 ಆಗುತ್ತದೆ. ಅದಕ್ಕೂ ಮುಂಚೆ ಪಂಪ್ ನಿಲ್ಲಿಸಿದರೆ ಇಡೀ ನೆಲಮಾಳಿಗೆ ದೋಣಿಯಂತೆ ತೇಲಿ ಓರೆಯಾಗಬಹುದು. ಅಡ್ಡ ಆಧಾರಗಳಿಗೂ ಆತುರಪಡಲಿಲ್ಲ. ಗೋಡೆ ಅವುಗಳ ಹತ್ತಿರಕ್ಕೆ ಬಂದು, ಗೋಡೆಗೂ ಹಲಗೆಗೂ ನಡುವಿನ ಜಾಗವನ್ನು ಮರಳು ತುಂಬಿ ಬಡಿದ ಮೇಲೆಯೇ ಒಂದೊಂದಾಗಿ ಬಿಚ್ಚಿದೆವು.

ಚಾವಣಿ ಗಟ್ಟಿಯಾದ ಮೇಲೆ ಕೊಳವೆಗಳನ್ನು ಒಂದೇ ಸಲ ನಿಲ್ಲಿಸದೆ, ದಿನಕ್ಕೆ ಹನ್ನೆರಡರಂತೆ ನಾಲ್ಕು ದಿನ ಮುಚ್ಚಿದೆವು. ಪಕ್ಕದ ಮನೆಯ ಮೊಳೆಗಳು ಆ ನಾಲ್ಕು ಮಿಲಿಮೀಟರಿನಲ್ಲೇ ನಿಂತಿದ್ದವು. ಕಲ್ಲುಹಾಸನ್ನು ಎಬ್ಬಿಸಿ, ಮಟ್ಟ ಮಾಡಿ, ಮತ್ತೆ ಕೂರಿಸಿಕೊಟ್ಟೆವು.