ಚಿಂಚೋಳಿಯ ಒಂದು ರಾತ್ರಿ, ಕಲಬುರಗಿಯ ಒಂದು ಮಧ್ಯಾಹ್ನ: ಡಾರ್ಕ್ ಮತ್ತು ಫ್ಲ್ಯಾಟ್ ಫ್ರೇಮ್‌ಗಳೊಂದಿಗೆ ನನ್ನ ಅನುಭವ

ಏಪ್ರಿಲ್ ತಿಂಗಳ ಅಮಾವಾಸ್ಯೆಯ ಆಸುಪಾಸಿನಲ್ಲಿ ಚಿಂಚೋಳಿ ತಾಲ್ಲೂಕಿನ ಚಂದ್ರಂಪಳ್ಳಿ ಜಲಾಶಯದ ಬಳಿ ನಿಂತು, ಧನು ರಾಶಿಯ ಲಗೂನ್ ನೀಹಾರಿಕೆಯನ್ನು ಚಿತ್ರಿಸಿದ್ದೆ. ಹಳೆಯ ಕ್ಯಾನನ್ ಡಿಎಸ್‌ಎಲ್‌ಆರ್, 135 ಮಿ.ಮೀ. ಲೆನ್ಸ್ ಮತ್ತು ನಕ್ಷತ್ರಗಳ ಚಲನೆಯನ್ನು ಹಿಂಬಾಲಿಸುವ ಸಣ್ಣ ಟ್ರ್ಯಾಕರ್ ನನ್ನ ಬಳಿ ಇದ್ದವು. ರಾತ್ರಿ ಎರಡೂವರೆಯಿಂದ ನಾಲ್ಕೂಕಾಲರವರೆಗೆ, ತಲಾ 120 ಸೆಕೆಂಡುಗಳ 50 ಚಿತ್ರಗಳನ್ನು ಐಎಸ್‌ಒ 800ರಲ್ಲಿ ತೆಗೆದೆ. ಆಕಾಶ ಶುಭ್ರವಾಗಿತ್ತು, ಫೋಕಸ್ ಸರಿಯಾಗಿತ್ತು. ಕೆಟ್ಟದ್ದೆಲ್ಲ ಮನೆಗೆ ಬಂದ ಮೇಲೆ ನನ್ನ ಕೈಯಿಂದಲೇ ಕೆಟ್ಟಿತು.

ಸೆನ್ಸರಿನ ಶಾಖದಿಂದ ಚಿತ್ರದಲ್ಲಿ ಮೂಡುವ ಬಣ್ಣದ ಚುಕ್ಕೆಗಳನ್ನು ಕಳೆಯಲೆಂದು ಮುಚ್ಚಳ ಹಾಕಿ ತೆಗೆಯುವ ಕಪ್ಪು ಚಿತ್ರವೇ ಡಾರ್ಕ್ ಫ್ರೇಮ್. ನಿದ್ದೆಗಣ್ಣಿನಲ್ಲಿ ಡಾರ್ಕ್ ಫ್ರೇಮ್‌ಗಳನ್ನು ಅಲ್ಲಿಯೇ ತೆಗೆಯಲು ಬೇಸರಪಟ್ಟು, ಮರುದಿನ ಮಧ್ಯಾಹ್ನ ಕಲಬುರಗಿಯ ಮನೆಯಲ್ಲಿ ಲೆನ್ಸಿಗೆ ಮುಚ್ಚಳ ಹಾಕಿ, ಅದೇ 120 ಸೆಕೆಂಡು ಮತ್ತು ಅದೇ ಐಎಸ್‌ಒ ಇಟ್ಟುಕೊಂಡು 20 ಡಾರ್ಕ್‌ಗಳನ್ನು ತೆಗೆದೆ. ಅವುಗಳ ಸರಾಸರಿಯನ್ನು ರಾತ್ರಿಯ ಚಿತ್ರಗಳಿಂದ ಕಳೆದಾಗ ಕೆಂಪು, ನೀಲಿ ಚುಕ್ಕೆಗಳು ಮಾಯವಾದವು ನಿಜ, ಆದರೆ ಅವು ಇದ್ದ ಜಾಗಗಳಲ್ಲೆಲ್ಲ ಸೂಜಿಯಿಂದ ಚುಚ್ಚಿದಂತೆ ಕಪ್ಪು ತೂತುಗಳು ಮೂಡಿದವು. ಕಳೆಯಬೇಕಾದದ್ದಕ್ಕಿಂತ ಹೆಚ್ಚು ಕಳೆದಾಗ ಕಾಣುವ ಗುರುತು ಇದೇ. ಕಾರಣ ತಿಳಿಯಲು ಚಿತ್ರಗಳೊಳಗೆ ಕ್ಯಾಮೆರಾವೇ ಬರೆದಿಟ್ಟಿರುವ ಉಷ್ಣತೆಯನ್ನು ಓದಿದೆ:

```
exiftool -CameraTemperature *.CR2
```

ರಾತ್ರಿಯ ಚಿತ್ರಗಳಲ್ಲಿ ಅದು 37ರಿಂದ 33 ಡಿಗ್ರಿಗೆ ಇಳಿದಿತ್ತು. ಮಧ್ಯಾಹ್ನದ ಡಾರ್ಕ್‌ಗಳಲ್ಲಿ 46 ಡಿಗ್ರಿ ಇತ್ತು. ಬೆಳಕು ಬೀಳದಿದ್ದರೂ ಸೆನ್ಸರಿನ ಪ್ರತಿ ಪಿಕ್ಸೆಲಿನಲ್ಲಿ ಶಾಖದಿಂದಲೇ ಎಲೆಕ್ಟ್ರಾನುಗಳು ಸೇರುತ್ತಿರುತ್ತವೆ, ಮತ್ತು ಆ ಸೇರುವಿಕೆ ಸುಮಾರು ಆರು ಡಿಗ್ರಿ ಏರಿದಾಗಲೆಲ್ಲ ಇಮ್ಮಡಿಯಾಗುತ್ತದೆ. ರಾತ್ರಿಯ ಸರಾಸರಿ 35 ಎಂದಿಟ್ಟುಕೊಂಡರೆ, 11 ಡಿಗ್ರಿ ವ್ಯತ್ಯಾಸವೆಂದರೆ ಸುಮಾರು ಮೂರೂವರೆ ಪಟ್ಟು. ಉಳಿದವಕ್ಕಿಂತ ಹೆಚ್ಚು ಎಲೆಕ್ಟ್ರಾನು ಸೇರಿ ಚುಕ್ಕೆಯಾಗಿ ಹೊಳೆಯುವ ಒಂದು ಹಾಟ್ ಪಿಕ್ಸೆಲನ್ನು ತೆಗೆದುಕೊಂಡು ಲೆಕ್ಕ ಹಾಕೋಣ. ನನ್ನ ಕ್ಯಾಮೆರಾ ಪ್ರತಿ ಪಿಕ್ಸೆಲಿಗೂ 2048 ಎಂಬ ಬಯಾಸ್ ಮೊತ್ತವನ್ನು ಮೊದಲೇ ಕೂಡಿಸಿಟ್ಟಿರುತ್ತದೆ. ಆಕಾಶದ ಬೆಳಕು 1000, ಶಾಖದ ಪಾಲು 900 ಎಂದರೆ ರಾತ್ರಿಯ ಚಿತ್ರದಲ್ಲಿ ಆ ಪಿಕ್ಸೆಲಿನ ಮೌಲ್ಯ 3948. ಅದೇ ಉಷ್ಣತೆಯ ಡಾರ್ಕ್‌ನಲ್ಲಿ ಅದು 2948 ಇರುತ್ತಿತ್ತು. ಕಳೆದರೆ ಸರಿಯಾಗಿ 1000 ಉಳಿಯುತ್ತಿತ್ತು. ಮಧ್ಯಾಹ್ನದ ಡಾರ್ಕ್‌ನಲ್ಲಿ ಶಾಖದ ಪಾಲು 3150ಕ್ಕೆ ಏರಿ ಮೌಲ್ಯ 5198 ಆಗಿತ್ತು. 3948ರಿಂದ 5198ನ್ನು ಕಳೆದರೆ ಸೊನ್ನೆಗಿಂತ ಕೆಳಗೆ ಹೋಗದೆ ಬೇರೆ ದಾರಿಯಿಲ್ಲ.

ಡಾರ್ಕ್ ತೆಗೆಯಲು ನಕ್ಷತ್ರವಾಗಲಿ, ಊರಾಚೆಯ ಕತ್ತಲಾಗಲಿ ಬೇಕಿಲ್ಲ. ಬೇಕಾದದ್ದು ರಾತ್ರಿಯ ಅದೇ ಉಷ್ಣತೆ ಮಾತ್ರ. ಆದ್ದರಿಂದ ಎರಡು ದಿನ ಬಿಟ್ಟು ನಸುಕಿನ ಮೂರಕ್ಕೆ ಎದ್ದು, ಕ್ಯಾಮೆರಾವನ್ನು ಮನೆಯ ಮಾಳಿಗೆಗೆ ಒಯ್ದು ಕಪ್ಪು ಬಟ್ಟೆಯಲ್ಲಿ ಸುತ್ತಿದೆ. ಬೀದಿ ದೀಪದ ಬೆಳಕು ಐಪೀಸಿನ ಕಿಂಡಿಯಿಂದಲೂ ಒಳಗೆ ನುಸುಳಬಲ್ಲದು. ಮೊದಲ ಕೆಲವು ಚಿತ್ರಗಳನ್ನು ಬಿಟ್ಟು, ಉಷ್ಣತೆ 33ರಿಂದ 37ರ ನಡುವೆ ನೆಲೆಯಾದ ಮೇಲಿನ 20ನ್ನು ಮಾತ್ರ ಇಟ್ಟುಕೊಂಡೆ. ಅಷ್ಟೊಂದು ಏಕೆ ಎಂದರೆ, ಪ್ರತಿ ಡಾರ್ಕ್‌ನಲ್ಲಿಯೂ ಅದರದೇ ಆದ ಯಾದೃಚ್ಛಿಕ ನಾಯ್ಸ್ ಇರುತ್ತದೆ. ಒಂದೇ ಡಾರ್ಕ್ ಕಳೆದರೆ ಆ ಚಿತ್ರದ ಕತ್ತಲೆಯ ನಾಯ್ಸ್ ಸುಮಾರು 1.4 ಪಟ್ಟಾಗುತ್ತದೆ, 20ರ ಸರಾಸರಿಯನ್ನು ಕಳೆದರೆ ಶೇ 2.5ರಷ್ಟು ಮಾತ್ರ ಏರುತ್ತದೆ. ಡಾರ್ಕ್ ತೆಗೆದುಹಾಕುವುದು ಪ್ರತಿ ಚಿತ್ರದಲ್ಲೂ ಅದೇ ಜಾಗದಲ್ಲಿ ಮರುಕಳಿಸುವ ದೋಷವನ್ನಷ್ಟೇ. ಉಳಿದ ಮರಳುಮರಳಾದ ನಾಯ್ಸ್ ಕಡಿಮೆಯಾಗುವುದು 50 ಚಿತ್ರಗಳನ್ನು ಒಟ್ಟುಗೂಡಿಸಿದಾಗಲೇ.

ಇನ್ನು ಧೂಳಿನ ವಿಷಯ. ನಮ್ಮ ಕಡೆ ತೊಗರಿ ರಾಶಿಯ ಕಾಲದಲ್ಲಿ ಒಂದು ಬಗೆಯ ಧೂಳು, ಶಹಾಬಾದ್ ಕಲ್ಲು ಕೊಯ್ಯುವ ಕಡೆ ಇನ್ನೊಂದು ಬಗೆಯ ಧೂಳು. ಲೆನ್ಸ್ ಬದಲಿಸುವಾಗ ಎರಡೂ ಸೆನ್ಸರಿನ ಮುಂದಿನ ಗಾಜಿಗೆ ಅಂಟುತ್ತವೆ. ಆಕಾಶದ ಚಿತ್ರದಲ್ಲಿ ಇವು ಮಸುಕಾದ ಕಪ್ಪು ವೃತ್ತಗಳಾಗಿ ಕಾಣುತ್ತವೆ. ಇದನ್ನು ಕಳೆಯಲು ಬರುವುದಿಲ್ಲ, ಏಕೆಂದರೆ ಧೂಳಿನ ಕಣ ಬೆಳಕಿಗೆ ಏನನ್ನೂ ಕೂಡಿಸುವುದಿಲ್ಲ, ಬಂದ ಬೆಳಕಿನ ಒಂದು ಪಾಲನ್ನು ತಡೆಯುತ್ತದೆ. ಹಾಗಾಗಿ ಎಲ್ಲೆಡೆ ಒಂದೇ ಸಮನಾದ ಬೆಳಕಿನಲ್ಲಿ ಫ್ಲ್ಯಾಟ್ ಫ್ರೇಮ್ ತೆಗೆದು, ಅದರಿಂದ ಚಿತ್ರವನ್ನು ಭಾಗಿಸಬೇಕು. ‘ಡಾರ್ಕ್ ಮತ್ತು ಫ್ಲ್ಯಾಟ್ ಕಳೆಯುವುದು’ ಎಂದು ನಾವೆಲ್ಲ ಒಟ್ಟಿಗೆ ಹೇಳುವುದು ರೂಢಿಯ ಮಾತು ಅಷ್ಟೇ.

ಫೋಕಸ್ ರಿಂಗಿಗೆ ಟೇಪ್ ಸುತ್ತಿದ್ದರಿಂದ, ಲೆನ್ಸನ್ನು ಕಳಚದೆ, ಅಪರ್ಚರ್ ಮುಟ್ಟದೆ, ಲೆನ್ಸಿನ ಬಾಯಿಗೆ ಬಿಳಿ ಧೋತರವನ್ನು ಎರಡು ಪದರ ಬಿಗಿದು, ಹಿಸ್ಟೊಗ್ರಾಂ ಮಧ್ಯಕ್ಕೆ ಬರುವಂತೆ ಶಟರ್ ವೇಗ ಹೊಂದಿಸಿ 25 ಫ್ಲ್ಯಾಟ್‌ಗಳನ್ನು ತೆಗೆದಿದ್ದೆ. ಆದರೂ ಭಾಗಿಸಿದ ಮೇಲೆ ಧೂಳಿನ ವೃತ್ತಗಳು ತೆಳುವಾಗಿ ಉಳಿದೇ ಇದ್ದವು. ಫ್ಲ್ಯಾಟ್‌ನಲ್ಲಿಯೂ ಆ 2048 ಕುಳಿತಿದೆ ಎಂಬುದನ್ನು ನಾನು ಮರೆತಿದ್ದೆ. ಒಂದು ಕಣ ಶೇ 8ರಷ್ಟು ಬೆಳಕು ತಡೆಯುತ್ತದೆ ಎನ್ನಿ. ಆಕಾಶದ 1000 ಆ ಜಾಗದಲ್ಲಿ 920 ಆಗುತ್ತದೆ. ಫ್ಲ್ಯಾಟ್‌ನ 6000 ಅಲ್ಲಿ 5520 ಆಗುತ್ತದೆ. ಬಯಾಸ್ ಕಳೆದ ಮೇಲೆ 5520ನ್ನು 6000ದಿಂದ ಭಾಗಿಸಿದರೆ 0.92, 920ನ್ನು ಅದರಿಂದ ಭಾಗಿಸಿದರೆ 1000 ಮರಳಿ ಬರುತ್ತದೆ. ಬಯಾಸ್ ಕಳೆಯದಿದ್ದರೆ ಅದೇ ಅನುಪಾತ 7568ಕ್ಕೆ 8048, ಅಂದರೆ 0.94; ಆಗ ಸಿಗುವುದು 978 ಮಾತ್ರ, ವೃತ್ತ ಉಳಿಯುತ್ತದೆ. ಇದಕ್ಕೆ ವಿರುದ್ಧವಾಗಿ, ಫ್ಲ್ಯಾಟ್‌ನಿಂದ ಕಳೆದು ರಾತ್ರಿಯ ಚಿತ್ರದಿಂದ ಕಳೆಯದಿದ್ದರೆ ವೃತ್ತಗಳು ಸುತ್ತಲಿನ ಆಕಾಶಕ್ಕಿಂತ ಬೆಳ್ಳಗಾಗುತ್ತವೆ. ಉಳಿದ ವೃತ್ತ ಕಪ್ಪೋ ಬಿಳಿಯೋ ಎಂದು ನೋಡಿದರೆ ತಪ್ಪು ಯಾವ ಕಡೆಯದು ಎಂಬುದು ಬಹುಮಟ್ಟಿಗೆ ತಿಳಿಯುತ್ತದೆ.

ಮುಚ್ಚಳ ಹಾಕಿ ಅತಿ ವೇಗದ ಶಟರಿನಲ್ಲಿ ತೆಗೆದ 50 ಬಯಾಸ್ ಚಿತ್ರಗಳನ್ನು ಸೇರಿಸಿಕೊಂಡು, ಸಿರಿಲ್ ತಂತ್ರಾಂಶದಲ್ಲಿ ಕ್ರಮವನ್ನು ಹೀಗೆ ಸರಿಪಡಿಸಿದೆ:

```
calibrate flat -bias=bias_stacked
stack pp_flat rej 3 3 -norm=mul
calibrate light -dark=dark_stacked -flat=pp_flat_stacked -cfa -equalize_cfa -debayer
```

ಇಲ್ಲಿ ರಾತ್ರಿಯ ಚಿತ್ರಗಳಿಗೆ ಬಯಾಸನ್ನು ಬೇರೆಯಾಗಿ ಕೊಟ್ಟಿಲ್ಲ, ಏಕೆಂದರೆ ಅದು ಡಾರ್ಕ್‌ನೊಳಗೇ ಇದೆ. ಎರಡು ಬಾರಿ ಕಳೆಯಬಾರದು.

ವೃತ್ತಗಳೆಲ್ಲ ಹೋದವು, ಒಂದನ್ನು ಬಿಟ್ಟು. ನೀಹಾರಿಕೆಯ ಎಡಕ್ಕೆ ಒಂದು ಕಪ್ಪು ವೃತ್ತ, ಅದಕ್ಕೆ ಹತ್ತಿರದಲ್ಲೇ ಅಷ್ಟೇ ಗಾತ್ರದ ಒಂದು ಬಿಳಿ ವೃತ್ತ. ಇಂಥ ಜೋಡಿ ಕಂಡರೆ ಲೆಕ್ಕದಲ್ಲಿ ತಪ್ಪಿಲ್ಲ, ಕಣವೇ ಸರಿದಿದೆ ಎಂದು ತಿಳಿಯಬೇಕು: ರಾತ್ರಿ ಅದು ಕಪ್ಪು ವೃತ್ತದ ಜಾಗದಲ್ಲಿತ್ತು, ಫ್ಲ್ಯಾಟ್ ತೆಗೆಯುವಾಗ ಬಿಳಿಯ ಜಾಗದಲ್ಲಿತ್ತು. ಜಲಾಶಯದಿಂದ ಹೊರಡುವಾಗ ನಾನು ಕ್ಯಾಮೆರಾವನ್ನು ಆಫ್ ಮಾಡಿದ್ದೆ, ಮತ್ತು ಆಫ್ ಆಗುವಾಗಲೂ ಆನ್ ಆಗುವಾಗಲೂ ಧೂಳು ಕೊಡವಲು ಅದು ಸೆನ್ಸರಿನ ಗಾಜನ್ನು ತಾನಾಗಿಯೇ ನಡುಗಿಸುತ್ತದೆ. ಇದಕ್ಕೆ ಆಮೇಲೆ ಮಾಡುವ ಪರಿಹಾರವಿಲ್ಲ. ಆ ಮೂಲೆಯನ್ನು ಕತ್ತರಿಸಿ ಚಿತ್ರವನ್ನು ಉಳಿಸಿಕೊಂಡೆ.

ಮುಂದಿನ ಅಮಾವಾಸ್ಯೆಗೆ ಹೋಗುವ ಮೊದಲು ಮೆನುವಿನಲ್ಲಿ ಆ ಸ್ವಯಂ ಶುಚಿಯನ್ನು ನಿಲ್ಲಿಸಿದೆ. ನೀಹಾರಿಕೆ ಮೇಲೇರುವ ತನಕ 10 ಡಾರ್ಕ್, ಚಿತ್ರಗಳು ಮುಗಿದ ಮೇಲೆ 10 ಡಾರ್ಕ್ ತೆಗೆದೆ. ರಾತ್ರಿಯಿಡೀ ಇಳಿಯುವ ಉಷ್ಣತೆಯ ಎರಡೂ ತುದಿಗಳು ಹೀಗೆ ಸರಾಸರಿಯೊಳಗೆ ಬಂದವು. ಬೆಳಕು ಹರಿಯುತ್ತಿದ್ದಂತೆ, ಕ್ಯಾಮೆರಾ ಟ್ರೈಪಾಡಿನ ಮೇಲೆ ಇದ್ದ ಹಾಗೆಯೇ, ಧೋತರ ಬಿಗಿದು ನೆತ್ತಿಯ ಕಡೆ ತಿರುಗಿಸಿ ಫ್ಲ್ಯಾಟ್‌ಗಳನ್ನು ತೆಗೆಯುತ್ತಿದ್ದಾಗ, ದನ ಹೊಡೆದುಕೊಂಡು ಬಂದ ಹಿರಿಯರೊಬ್ಬರು ನಿಂತು, “ಮುಖಕ್ಕ ಬಟ್ಟಿ ಕಟ್ಟಿ ಏನ್ ಫೋಟೋ ತೆಗಿಲಿಕತ್ತೀರಿ ಸರ್?” ಎಂದು ಕೇಳಿದರು. “ಧೂಳಿಂದು ತೆಗಿಲಿಕತ್ತೀನ್ರಿ ಕಾಕಾ” ಎಂದೆ. ಆ ಬಾರಿಯ ಚಿತ್ರದಲ್ಲಿ ಜೋಡಿ ವೃತ್ತಗಳು ಇರಲಿಲ್ಲ.